ಟೀಸರ್ ಬರಹ: ಕತೆಯನ್ನು ಎಲ್ಲಿ ಕತ್ತರಿಸಬೇಕು?

ಪ್ರಕಾಶಕರಿಲ್ಲದೆ ನಾವೇ ದುಡ್ಡು ಹಾಕಿ ಪುಸ್ತಕ ಅಚ್ಚು ಮಾಡಿಸಿದಾಗ ಬಿಡುಗಡೆಯ ಸುದ್ದಿ ಹಬ್ಬಿಸುವ ಕೆಲಸವೂ ನಮ್ಮದೇ. ಸಾಮಾನ್ಯವಾಗಿ ನಾವು ಮಾಡುವುದೇನು? ಇನ್‌ಸ್ಟಾಗ್ರಾಮ್‌ನಲ್ಲಿ ಆಹ್ವಾನ ಪತ್ರಿಕೆಯ ಫೋಟೋ ಹಾಕಿ, ಕೆಳಗೆ ಅತಿಥಿಗಳ ಹೆಸರು ಬರೆದು, ‘ಎಲ್ಲರೂ ಬನ್ನಿ’ ಅಂತೇವೆ. ಅದು ಆಹ್ವಾನ, ಟೀಸರ್ ಅಲ್ಲ. ಟೀಸರ್ ಒಂದು ವಾರ, ಹತ್ತು ದಿನ ಮೊದಲೇ ಹೋಗಬೇಕು. ಅದರಲ್ಲಿ ಅತಿಥಿಗಳಿಗಿಂತ ಮುಂಚೆ ಪುಸ್ತಕದಿಂದ ಆಯ್ದ ಒಂದು ತುಣುಕೇ ಮಾತಾಡಬೇಕು.

ಅಭ್ಯಾಸಕ್ಕೆ ಒಂದು ಪ್ಯಾರಾ ಕಟ್ಟಿಕೊಂಡಿದ್ದೇನೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದಲ್ಲಿ, ಮಾನ್ವಿ ಸೀಮೆಯಲ್ಲಿ ನಡೆಯುವ ಕತೆ ಅಂದುಕೊಳ್ಳಿ:

“ಆ ವರ್ಷ ಮಳೆ ಕೈಕೊಟ್ಟಿತ್ತು. ಕೊನೇ ಭಾಗದ ನಮಗೆ ಕಾಲುವೆ ನೀರು ಹದಿನೈದು ದಿನದಿಂದ ಮುಟ್ಟಿರಲಿಲ್ಲ. ರಾತ್ರಿ ಎರಡಕ್ಕೆ ಕಾಲುವೆಯಲ್ಲಿ ಸಪ್ಪಳವಾಯಿತು. ಅಪ್ಪ ಬ್ಯಾಟರಿ ಹಿಡಿದು ಓಡಿದ. ‘ನೀರ ಬಂತಲೇ!’ ಅಂದ. ನೀರಿನ ಜೊತೆ ಒಂದು ಚಪ್ಪಲಿ ತೇಲಿ ಬಂತು. ಅದು ಅಣ್ಣನದು. ಅವತ್ತಿನಿಂದ ಅಪ್ಪ ಕಾಲುವೆ ಕಡೆ ಹೋಗಲಿಲ್ಲ.”

ಇಡೀ ಪ್ಯಾರಾ ಹಾಕಿದರೆ ಏನಾಗುತ್ತದೆ ನೋಡಿ. ಇನ್‌ಸ್ಟಾಗ್ರಾಮ್ ಬರಹಕ್ಕೆ ಒಟ್ಟು 2,200 ಅಕ್ಷರ ಜಾಗವಿದೆ ನಿಜ. ಆದರೆ ತೆರೆಯದೆ ಕಣ್ಣಿಗೆ ಬೀಳುವುದು ಸುಮಾರು ಮೊದಲ 125 ಮಾತ್ರ. ಇಲ್ಲಿ ಕನ್ನಡದವರು ಗಮನಿಸಬೇಕಾದ ಒಂದು ವಿಷಯ ಇದೆ. ಕಂಪ್ಯೂಟರ್ ನಮ್ಮ ಹಾಗೆ ಅಕ್ಷರ ಎಣಿಸುವುದಿಲ್ಲ. ಸ್ವರಚಿಹ್ನೆ, ಒತ್ತು ಎಲ್ಲವನ್ನೂ ಬೇರೆ ಬೇರೆ ಲೆಕ್ಕ ಹಾಕುತ್ತದೆ. ‘ರಾತ್ರಿ’ ನಮ್ಮ ಕಣ್ಣಿಗೆ ಎರಡಕ್ಷರ, ಅದರ ಲೆಕ್ಕದಲ್ಲಿ ಆರು. ಹೀಗಾಗಿ ಮಳೆ, ಹದಿನೈದು ದಿನ ಅಂತ ಹಿನ್ನೆಲೆ ಹೇಳುವ ಮೊದಲ ಎರಡು ವಾಕ್ಯಕ್ಕೇ 81 ಹೋಗುತ್ತದೆ. ‘ಸಪ್ಪಳವಾಯಿತು’ ಅನ್ನುವಷ್ಟರಲ್ಲಿ ಜಾಗ ಮುಗಿಯಿತು. ಚಪ್ಪಲಿ ಯಾರಿಗೂ ಕಾಣಲೇ ಇಲ್ಲ.

ಈಗ ಮೊದಲ ಎರಡು ವಾಕ್ಯ ಬಿಟ್ಟು ‘ರಾತ್ರಿ ಎರಡಕ್ಕೆ’ಯಿಂದ ಶುರು ಮಾಡಿ. ‘ತೇಲಿ ಬಂತು’ ವರೆಗೆ ಪದಗಳ ನಡುವಿನ ಖಾಲಿ ಜಾಗ, ಚುಕ್ಕೆ ಎಲ್ಲ ಸೇರಿ 117. ಸರಿಯಾಗಿ ಕೂರುತ್ತದೆ. ಮಳೆ ಕೈಕೊಟ್ಟದ್ದನ್ನು ಬೇರೆ ಹೇಳಬೇಕಿಲ್ಲ. ನಡುರಾತ್ರಿ ಬ್ಯಾಟರಿ ಹಿಡಿದು ಓಡುವ ಅಪ್ಪನೇ ಅದನ್ನು ಹೇಳುತ್ತಾನೆ.

ಕೊನೆಯ ಕತ್ತರಿ ಇದಕ್ಕಿಂತ ಕಷ್ಟದ್ದು. ‘ಅದು ಅಣ್ಣನದು’ ಸೇರಿಸಲು ಕೈ ತುರಿಸುತ್ತದೆ, ಅಲ್ವಾ? ಅದೇ ನಮಗೆ ಇಷ್ಟವಾದ ವಾಕ್ಯ. ಆದರೆ ಅದನ್ನು ಹೇಳಿಬಿಟ್ಟರೆ ಕತೆಯ ಪೆಟ್ಟು ಇಲ್ಲೇ ಬಿದ್ದುಹೋಗುತ್ತದೆ. ಚಪ್ಪಲಿ ಯಾರದು ಅನ್ನುವ ಪ್ರಶ್ನೆ ಓದುಗರ ಜೊತೆ ಮನೆಗೆ ಹೋಗಲಿ. ನಾನು ಪರೀಕ್ಷೆ ಮಾಡುವುದು ಹೀಗೆ: ಆಯ್ದ ಭಾಗವನ್ನು ಕತೆ ಗೊತ್ತಿಲ್ಲದವರಿಗೆ ಓದಿ ಹೇಳುತ್ತೇನೆ. ‘ಆಮೇಲೆ?’ ಅಂದರೆ ಸರಿ. ‘ಅಯ್ಯೋ ಪಾಪ’ ಅಂದರೆ ಒಂದು ವಾಕ್ಯ ಜಾಸ್ತಿ ಆಗಿದೆ ಅಂತ ಅರ್ಥ.

ಆಯ್ದ ಭಾಗ ಪುಸ್ತಕದಲ್ಲಿ ಇದ್ದ ಹಾಗೇ ಇರಬೇಕು. ‘ನೀರ ಬಂತಲೇ’ ಅನ್ನುವುದನ್ನು ಎಲ್ಲರಿಗೂ ತಿಳಿಯಲಿ ಅಂತ ‘ನೀರು ಬಂತು ಕಣೋ’ ಮಾಡಬೇಡಿ. ಮಾನ್ವಿಯ ಅಪ್ಪ ಹಾಗೆ ಕೂಗುವುದಿಲ್ಲ. ನಡುವೆ ಏನಾದರೂ ಬಿಟ್ಟರೆ ಮೂರು ಚುಕ್ಕೆ ಇಡಿ.

ಆಯ್ದ ಭಾಗದ ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಇಷ್ಟು ಸಾಕು:

“ಕಾಲುವೆಯ ಕೊನೇ ಭಾಗದ ಊರುಗಳ ಒಂಬತ್ತು ಕತೆಗಳು. ನನ್ನ ಮೊದಲ ಪುಸ್ತಕ. ಬರುವ ಭಾನುವಾರ ರಾಯಚೂರಿನಲ್ಲಿ ಬಿಡುಗಡೆ. ಬೆಲೆ ₹150. ಪ್ರತಿ ಕಾಯ್ದಿರಿಸುವ ಲಿಂಕ್ ಬಯೋದಲ್ಲಿದೆ.”

ಲಿಂಕನ್ನು ಬಯೋದಲ್ಲಿ ಇಡಲು ಕಾರಣವಿದೆ. ಇನ್‌ಸ್ಟಾಗ್ರಾಮ್ ಬರಹದೊಳಗೆ ಹಾಕಿದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ. ‘ಹೃದಯಸ್ಪರ್ಶಿ’, ‘ವಿಭಿನ್ನ’ ಅಂತ ನಮ್ಮ ಪುಸ್ತಕವನ್ನು ನಾವೇ ಹೊಗಳುವ ಪದಗಳೂ ಬೇಡ. ಆಯ್ದ ಭಾಗದ ನಾಲ್ಕು ವಾಕ್ಯ ಆ ಕೆಲಸ ಮಾಡಿ ಆಗಿದೆ.

ಇನ್ನೊಂದು ತೊಂದರೆ ನನಗೇ ಆಗಿದ್ದು. ಡಿಟಿಪಿ ಮಾಡಿದವರು ಕೊಟ್ಟ ಫೈಲಿನಿಂದ ವಾಕ್ಯ ನಕಲು ಮಾಡಿ ಫೋನಿನಲ್ಲಿ ಅಂಟಿಸಿದೆ. ‘ರಾತ್ರಿ ಎರಡಕ್ಕೆ’ ಅಂತ ಇರಬೇಕಾದ ಕಡೆ ಇಂಥದ್ದು ಬರುತ್ತದೆ:

```
gÁwæ JgÀqÀPÉÌ
```

ಪುಸ್ತಕದ ಪುಟಗಳನ್ನು ಈಗಲೂ ಹೆಚ್ಚಾಗಿ ನುಡಿಯಂಥ ಹಳೆಯ ಫಾಂಟಿನಲ್ಲೇ ಕೂಡಿಸುತ್ತಾರೆ. ಆ ಫಾಂಟ್ ಇಲ್ಲದ ಫೋನಿಗೆ ಅದು ಕನ್ನಡ ಅಂತ ಗೊತ್ತೇ ಆಗುವುದಿಲ್ಲ. ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ. ಆದರೆ ಬದಲಾದ ಮೇಲೆ ‘ವರ್ಷ’ದಂಥ ಅರ್ಕಾವತ್ತಿನ ಪದಗಳನ್ನೂ ಒತ್ತಕ್ಷರಗಳನ್ನೂ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ನೋಡಲೇಬೇಕು. ನಾಲ್ಕು ವಾಕ್ಯಕ್ಕೆ ಅಷ್ಟೆಲ್ಲ ಯಾಕೆ, ಫೋನಿನಲ್ಲೇ ಹೊಸದಾಗಿ ಟೈಪ್ ಮಾಡಿ. ಹಾಕಿದ ಮೇಲೆ ಬೇರೆಯವರ ಫೋನಿನಲ್ಲಿ ಒಮ್ಮೆ ತೆರೆದು, ಚಪ್ಪಲಿ ಮೊದಲ ನೋಟಕ್ಕೇ ಕಾಣುತ್ತದೆಯಾ ನೋಡಿ. ಕಾಣದಿದ್ದರೆ ಸಪ್ಪಳದ ವಾಕ್ಯವನ್ನೂ ಬಿಟ್ಟು ‘ಅಪ್ಪ ಬ್ಯಾಟರಿ ಹಿಡಿದು ಓಡಿದ’ ಅಲ್ಲಿಂದಲೇ ಶುರು ಮಾಡಬಹುದು.