ಎಟಿಎಂ ನೋಟು ಕೊಡಲಿಲ್ಲ, ಖಾತೆಯಿಂದ ಹಣ ಹೋಯಿತು: ಐದು ದಿನದ ಲೆಕ್ಕ ಹೇಗೆ?

ಅಂಕೋಲೆಯವರೊಬ್ಬರು ಕಾರವಾರ ಪೇಟೆಗೆ ಬಂದಾಗ ಎಟಿಎಂನಲ್ಲಿ 8,000 ರೂಪಾಯಿ ತೆಗೆಯಲು ಹೋದರು ಎಂದುಕೊಳ್ಳಿ. ಕಾರ್ಡ್ ಒಂದು ಬ್ಯಾಂಕಿನದು, ಯಂತ್ರ ಇನ್ನೊಂದು ಬ್ಯಾಂಕಿನದು. ದಿನ 2025ರ ಜುಲೈ 12, ಎರಡನೇ ಶನಿವಾರ, ಹೊರಗೆ ಜೋರು ಮಳೆ. ಪಿನ್ ಒತ್ತಿದ ಮೇಲೆ ಪರದೆಯಲ್ಲಿ ಸುಮಾರು ಹೊತ್ತು ‘ದಯವಿಟ್ಟು ಕಾಯಿರಿ’ ಎಂದೇ ಇತ್ತು. ಕೊನೆಗೆ ವ್ಯವಹಾರ ಆಗಲಿಲ್ಲ ಎಂದು ತೋರಿಸಿ ಯಂತ್ರ ಸುಮ್ಮನಾಯಿತು. ಆದರೆ ಮೊಬೈಲಿಗೆ 8,000 ರೂಪಾಯಿ ಕಡಿತವಾದ ಸಂದೇಶ ಬಂತು. ಆ ಹಣ ಎಲ್ಲಿದೆ, ಎಷ್ಟು ದಿನದಲ್ಲಿ ವಾಪಸ್ ಬರಬೇಕು, ಬರದಿದ್ದರೆ ಏನು ಮಾಡಬೇಕು ಎನ್ನುವುದನ್ನು ಇದೇ ಉದಾಹರಣೆ ಹಿಡಿದು ನೋಡೋಣ.

ಎಟಿಎಂ ತಾನಾಗಿಯೇ ನೋಟು ಕೊಡುವುದಿಲ್ಲ, ಅನುಮತಿ ಕೇಳಿ ಕೊಡುತ್ತದೆ. ನೀವು ಮೊತ್ತ ಒತ್ತಿದಾಗ ಬೇಡಿಕೆ ಮೊದಲು ಯಂತ್ರದ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿಂದ ಬೇರೆ ಬೇರೆ ಬ್ಯಾಂಕುಗಳ ಎಟಿಎಂಗಳನ್ನು ಜೋಡಿಸುವ, ಎನ್‌ಪಿಸಿಐ ನಡೆಸುವ ಎನ್‌ಎಫ್‌ಎಸ್ ಜಾಲದ ಮೂಲಕ ನಿಮ್ಮ ಬ್ಯಾಂಕಿಗೆ ತಲುಪುತ್ತದೆ. ನಿಮ್ಮ ಬ್ಯಾಂಕ್ ಮೊದಲು ಖಾತೆಯಿಂದ ಹಣ ಕಡಿದುಕೊಂಡು, ಆಮೇಲೆ ‘ಕೊಡಬಹುದು’ ಎಂಬ ಉತ್ತರ ಕಳಿಸುತ್ತದೆ. ಅಂದರೆ ನೋಟು ಯಂತ್ರದೊಳಗೆ ಅದನ್ನು ತುಂಬಿಡುವ ಪೆಟ್ಟಿಗೆಯಾದ ಕ್ಯಾಸೆಟ್ಟಿನಿಂದ ಹೊರಡುವ ಮೊದಲೇ ಖಾತೆಯಲ್ಲಿ ಎಂಟ್ರಿ ಬಿದ್ದಾಗಿರುತ್ತದೆ. ಆ ಉತ್ತರ ಹಿಂದಿರುಗುವ ದಾರಿಯಲ್ಲಿ ಲಿಂಕ್ ಕಡಿದುಹೋದರೆ, ಯಂತ್ರ ಕಾದು ಕಾದು ವ್ಯವಹಾರವನ್ನು ಬಿಟ್ಟುಬಿಡುತ್ತದೆ. ಹಣ ಖಾತೆಯಲ್ಲಿಯೂ ಇಲ್ಲ, ಕೈಯಲ್ಲಿಯೂ ಇಲ್ಲ ಎಂಬ ಸ್ಥಿತಿ ಹುಟ್ಟುವುದು ಇಲ್ಲಿಯೇ.

ನಮ್ಮ ಜಿಲ್ಲೆಯಲ್ಲಿ ಮಳೆಗಾಲಕ್ಕೂ ಈ ತೊಂದರೆಗೂ ನೇರ ಸಂಬಂಧವಿದೆ. ಕೇಬಲ್ ಇಲ್ಲದ ಕಡೆ ಎಟಿಎಂನ ಸಂಪರ್ಕ ಕೊಡೆಯಾಕಾರದ ವಿಸ್ಯಾಟ್ ಆಂಟೆನಾ ಮೂಲಕ ಇರುತ್ತದೆ. ಉಪಗ್ರಹದ ಸಂಕೇತ ದಟ್ಟ ಮಳೆಯಲ್ಲಿ ಸೊರಗುತ್ತದೆ. ಘಟ್ಟದ ಮೇಲಿನ ಊರುಗಳಲ್ಲಿ ಮರ ಬಿದ್ದು ಕರೆಂಟ್ ಹೋಗುವುದೂ ಇದಕ್ಕೆ ಸೇರಿಕೊಳ್ಳುತ್ತದೆ. ಹಾಗಾಗಿ ಮಳೆ ಹೊಯ್ಯುತ್ತಿರುವಾಗ ಒಮ್ಮೆ ವಿಫಲವಾದ ಯಂತ್ರದಲ್ಲಿ ಮತ್ತೆ ಪ್ರಯತ್ನಿಸಬೇಡಿ. ಎರಡನೇ ಸಲವೂ ಹಾಗೆಯೇ ಆದರೆ 16,000 ರೂಪಾಯಿ ಸಿಕ್ಕಿಕೊಳ್ಳುತ್ತದೆ.

ಇಂಥ ವೈಫಲ್ಯದಲ್ಲಿ ಯಂತ್ರಕ್ಕೆ ತಾನು ನೋಟು ಕೊಟ್ಟಿಲ್ಲವೆಂದು ಗೊತ್ತಿರುತ್ತದೆ. ಕ್ಯಾಸೆಟ್ಟಿನಿಂದ ಎಳೆದ ನೋಟು ಒಳಗೇ ಸಿಕ್ಕಿಕೊಂಡರೂ, ಎರಡು ನೋಟು ಅಂಟಿಕೊಂಡು ಬಂದು ತಿರಸ್ಕೃತ ನೋಟಿನ ಪೆಟ್ಟಿಗೆಗೆ ಬಿದ್ದರೂ ಹಾಗೆಯೇ. ಆಗ ಯಂತ್ರದ ಕಡೆಯಿಂದ ‘ಕಡಿದ ಹಣ ವಾಪಸ್ ಹಾಕಿ’ ಎನ್ನುವ ರಿವರ್ಸಲ್ ಸಂದೇಶ ಹೊರಡುತ್ತದೆ. ಲಿಂಕ್ ಸರಿಯಿದ್ದರೆ ಕೆಲವೇ ನಿಮಿಷದಲ್ಲಿ ಹಣ ಖಾತೆಗೆ ವಾಪಸ್ ಬೀಳುತ್ತದೆ, ಹೆಚ್ಚಿನವು ಹೀಗೆಯೇ ಮುಗಿಯುತ್ತವೆ. ಆ ಸಂದೇಶವೂ ದಾರಿಯಲ್ಲಿ ಕಳೆದುಹೋದರೆ ಮಾತ್ರ, ಎರಡೂ ಬ್ಯಾಂಕುಗಳು ಮರುದಿನದ ಲೆಕ್ಕ ತಾಳೆ ನೋಡುವಾಗ ವ್ಯತ್ಯಾಸ ಹಿಡಿದು ಸರಿಪಡಿಸಬೇಕು. ಐದು ದಿನದ ಅವಧಿ ಕೊಟ್ಟಿರುವುದು ಈ ಕೆಲಸಕ್ಕೆ.

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆ ಅದೇ ವರ್ಷ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಎಟಿಎಂನಲ್ಲಿ ಹಣ ಕಡಿತವಾಗಿ ನೋಟು ಬರದಿದ್ದರೆ, ವ್ಯವಹಾರದ ದಿನದ ನಂತರ ಹೆಚ್ಚೆಂದರೆ ಐದು ದಿನದೊಳಗೆ ಬ್ಯಾಂಕ್ ತಾನಾಗಿಯೇ ಹಣ ವಾಪಸ್ ಹಾಕಬೇಕು ಎಂದು ಅದು ಹೇಳುತ್ತದೆ. ಅದು ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಈ ಪರಿಹಾರವನ್ನೂ ಗ್ರಾಹಕ ದೂರು ಕೊಡಲಿ ಎಂದು ಕಾಯದೆ ಖಾತೆಗೆ ಹಾಕಬೇಕು.

ದಿನ ಎಣಿಸುವಲ್ಲಿ ಬಹಳ ಜನ ತಪ್ಪುತ್ತಾರೆ. ‘ಏಳು ಕೆಲಸದ ದಿನ ಕಾಯಿರಿ’ ಎಂಬ ಮಾತು ಶಾಖೆಗಳಲ್ಲಿ ಈಗಲೂ ಕೇಳುತ್ತದೆ. ಅದು 2011ರ ಹಳೆಯ ನಿಯಮ. ಆಗ ಪರಿಹಾರ ಬೇಕಾದರೆ 30 ದಿನದೊಳಗೆ ದೂರು ಕೊಟ್ಟಿರಬೇಕಿತ್ತು. ಈಗಿನ ನಿಯಮದಲ್ಲಿ ಲೆಕ್ಕ ಕ್ಯಾಲೆಂಡರ್ ದಿನಗಳದ್ದು, ಭಾನುವಾರವೂ ಸೇರುತ್ತದೆ, ಎರಡನೇ ಶನಿವಾರವೂ ಸೇರುತ್ತದೆ, ಹಬ್ಬದ ರಜೆಯೂ ಸೇರುತ್ತದೆ. ನಮ್ಮ ಉದಾಹರಣೆಯಲ್ಲಿ ಜುಲೈ 12 ಶೂನ್ಯ ದಿನ. 13 ಮೊದಲನೆಯದು, 17ರ ಗುರುವಾರ ಐದನೆಯದು. ಆ ದಿನ ಮುಗಿಯುವುದರೊಳಗೆ 8,000 ವಾಪಸ್ ಬಂದಿರಬೇಕು. 21ರ ಸೋಮವಾರ ಬಂತು ಎಂದಾದರೆ 18, 19, 20, 21 ಹೀಗೆ ನಾಲ್ಕು ದಿನ ತಡ, 400 ರೂಪಾಯಿ ಪರಿಹಾರ. ಸಿಕ್ಕಿಕೊಂಡ ಮೊತ್ತ 8,000 ಇರಲಿ, 500 ಇರಲಿ, ದಿನದ ದರ 100 ರೂಪಾಯಿಯೇ.

ಇಷ್ಟಾದರೂ ಐದು ದಿನ ತೆಪ್ಪಗೆ ಕೂರಬೇಡಿ ಎನ್ನುವುದು ನನ್ನ ಖಚಿತ ಸಲಹೆ. ಏಕೆಂದರೆ ವೈಫಲ್ಯದಲ್ಲಿ ಇನ್ನೊಂದು ಬಗೆಯಿದೆ, ಅದರಲ್ಲಿ ಯಂತ್ರ ತಾನು ಹಣ ಕೊಟ್ಟೆನೆಂದೇ ತಿಳಿದಿರುತ್ತದೆ. ನೋಟು ಎಣಿಸುವ ಸರಸರ ಸದ್ದು ಕೇಳಿಸುತ್ತದೆ, ನೋಟಿನ ಕಟ್ಟು ಬಾಯಿಯ ತನಕ ಬರುತ್ತದೆ, ಆದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಕೆಲವೊಮ್ಮೆ ಕಳ್ಳರು ನೋಟು ಬರುವ ಬಾಯಿಗೆ ಅಂಟು ಪಟ್ಟಿ ಹಚ್ಚಿಟ್ಟು, ಗ್ರಾಹಕ ಬೇಸತ್ತು ಹೋದ ಮೇಲೆ ಬಂದು ತೆಗೆದುಕೊಳ್ಳುತ್ತಾರೆ. ಯಂತ್ರದ ದಾಖಲೆಯಲ್ಲಿ ಇಂಥ ವ್ಯವಹಾರ ‘ಯಶಸ್ವಿ’ ಎಂದೇ ಇರಬಹುದು. ಆಗ ರಿವರ್ಸಲ್ ಸಂದೇಶ ಹೊರಡುವುದೇ ಇಲ್ಲ, ದೂರು ಕೊಡದೆ ಯಾರೂ ಹುಡುಕುವುದೂ ಇಲ್ಲ.

ಹಾಗಾಗಿ ಸದ್ದು ಕೇಳಿಯೂ ನೋಟು ಬರದಿದ್ದರೆ ಯಂತ್ರದ ಮುಂದಿನಿಂದ ಕದಲಬೇಡಿ. ಪರದೆ ಮೊದಲಿನ ಸ್ವಾಗತ ಪುಟಕ್ಕೆ ಬರುವವರೆಗೆ ನಿಲ್ಲಿ. ನೋಟು ಬರುವ ಬಾಯಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಸಡಿಲವಾದ ಪಟ್ಟಿ, ಅಂಟು ಏನಾದರೂ ಸಿಕ್ಕರೆ ಅಲ್ಲಿಯೇ ನಿಂತು ಬ್ಯಾಂಕಿಗೂ 112ಕ್ಕೂ ಫೋನ್ ಮಾಡಿ. ‘ಸಹಾಯ ಮಾಡುತ್ತೇನೆ, ಪಿನ್ ಇನ್ನೊಮ್ಮೆ ಒತ್ತಿ’ ಎನ್ನುವ ಅಪರಿಚಿತರನ್ನು ದೂರ ಇಡಿ.

ಸ್ಲಿಪ್ ಬಂದರೆ ಬಿಸಾಡಬೇಡಿ. ಅದರಲ್ಲಿ ದಿನಾಂಕ, ಸಮಯ, ಎಟಿಎಂ ಗುರುತಿನ ಸಂಖ್ಯೆ, ವ್ಯವಹಾರದ ಸಂಖ್ಯೆ ಇರುತ್ತವೆ. ಸ್ಲಿಪ್ಪಿನ ಅಕ್ಷರ ಬಿಸಿಗೆ ಮೂಡುವ ಬಗೆಯದು, ಕಿಸೆಯಲ್ಲಿದ್ದರೆ ವಾರದಲ್ಲಿ ಮಾಸಿಹೋಗಬಹುದು, ಆಗಲೇ ಫೋಟೊ ತೆಗೆದಿಡಿ. ಸ್ಲಿಪ್ ಬರದಿದ್ದರೆ ಯಂತ್ರದ ಮೈಮೇಲೆ ಅಥವಾ ಕೋಣೆಯ ಗೋಡೆಯ ಮೇಲೆ ಅಂಟಿಸಿರುವ ಎಟಿಎಂ ಸಂಖ್ಯೆಯನ್ನೂ ಮೊಬೈಲ್ ಸಂದೇಶವನ್ನೂ ಜೋಪಾನವಾಗಿಡಿ.

ದೂರು ಕೊಡಬೇಕಾದದ್ದು ಕಾರ್ಡ್ ಕೊಟ್ಟ ನಿಮ್ಮ ಬ್ಯಾಂಕಿಗೆ. ಯಂತ್ರ ಬೇರೆ ಬ್ಯಾಂಕಿನದಾಗಿರಲಿ, ಬ್ಯಾಂಕೇ ಅಲ್ಲದ ಕಂಪನಿ ನಡೆಸುವ ವೈಟ್ ಲೇಬಲ್ ಎಟಿಎಂ ಆಗಿರಲಿ, ಇದು ಬದಲಾಗುವುದಿಲ್ಲ. ‘ಆ ಬ್ಯಾಂಕಿಗೇ ಹೋಗಿ ಕೇಳಿ’ ಎಂದು ನಿಮ್ಮ ಶಾಖೆಯವರು ಹೇಳಿದರೆ ಒಪ್ಪಬೇಕಿಲ್ಲ, ಆ ಬ್ಯಾಂಕಿನೊಂದಿಗೆ ವ್ಯವಹರಿಸುವುದು ಅವರ ಕೆಲಸ. ಬಾಯಿಮಾತಿಗೆ ನಿಲ್ಲಿಸದೆ ದೂರಿನ ಸಂಖ್ಯೆ ಪಡೆಯಿರಿ. ಸಹಾಯವಾಣಿಯ ನಂಬರನ್ನು ಕಾರ್ಡಿನ ಹಿಂಭಾಗ ನೋಡಿಯೇ ಒತ್ತಿ. ಅಂತರ್ಜಾಲದಲ್ಲಿ ಹುಡುಕಿ ಸಿಕ್ಕಿದ ನಂಬರಿಗೆ ಫೋನ್ ಮಾಡಿದವರಿಂದ ಒಟಿಪಿ ಕೇಳಿ ಉಳಿದ ಹಣವನ್ನೂ ದೋಚುವವರಿದ್ದಾರೆ. ರಿವರ್ಸಲ್‌ಗೆ ಒಟಿಪಿಯೂ ಬೇಡ, ಪಿನ್ನೂ ಬೇಡ.

ದೂರು ಉದ್ದವಿರಬೇಕಿಲ್ಲ. ‘12-07-2025ರಂದು ಸಂಜೆ 6.40ಕ್ಕೆ ಕಾರವಾರದ ಇಂಥ ಸಂಖ್ಯೆಯ ಎಟಿಎಂನಲ್ಲಿ 8,000 ರೂಪಾಯಿ ತೆಗೆಯಲು ಪ್ರಯತ್ನಿಸಿದೆ. ಖಾತೆಯಿಂದ ಹಣ ಕಡಿತವಾಗಿದೆ, ನೋಟು ಬಂದಿಲ್ಲ. ನೋಟು ಎಣಿಸುವ ಸದ್ದು ಕೇಳಲಿಲ್ಲ, ಪರದೆಯಲ್ಲಿ ವ್ಯವಹಾರ ವಿಫಲವೆಂದು ಬಂತು’ ಎಂದಿದ್ದರೆ ಸಾಕು. ಸದ್ದು ಕೇಳಿದ್ದರೆ ಅದನ್ನೂ ಇದ್ದ ಹಾಗೆಯೇ ಬರೆಯಿರಿ, ತನಿಖೆ ಮಾಡುವವರಿಗೆ ಎಲ್ಲಿ ಹುಡುಕಬೇಕೆಂದು ಅದರಿಂದ ತಿಳಿಯುತ್ತದೆ. 10,000 ಕೇಳಿ 9,500 ಮಾತ್ರ ಬಂದಿದ್ದರೆ ಕೊರತೆಯ 500ಕ್ಕಷ್ಟೇ ದೂರು ಕೊಡಿ.

ಇನ್ನು ‘ಪರಿಶೀಲಿಸಿದ್ದೇವೆ, ವ್ಯವಹಾರ ಯಶಸ್ವಿಯಾಗಿದೆ, ಕೋಡ್ 00’ ಎಂಬ ಉತ್ತರ ಬರಬಹುದು. ಇದನ್ನು ಓದಿ ಬಹಳ ಜನ ಕೈಚೆಲ್ಲುತ್ತಾರೆ, ಅದು ನನಗೆ ನಿಜಕ್ಕೂ ನೋವಿನ ವಿಷಯ. 00 ಎಂದರೆ ನಿಮ್ಮ ಬ್ಯಾಂಕ್ ಹಣ ಕೊಡಲು ಅನುಮತಿಸಿತು ಎಂದರ್ಥ. ನೋಟು ನಿಮ್ಮ ಕೈ ಸೇರಿತು ಎಂಬುದಕ್ಕೆ ಅದೊಂದೇ ಸಾಕ್ಷಿಯಾಗುವುದಿಲ್ಲ. ಮೂರು ವಿಷಯಗಳನ್ನು ಲಿಖಿತವಾಗಿ ಕೇಳಿ. ಒಂದು, ಯಂತ್ರದ ಎಲೆಕ್ಟ್ರಾನಿಕ್ ಜರ್ನಲ್‌ನಲ್ಲಿ ನಿಮ್ಮ ವ್ಯವಹಾರದ ಭಾಗ. ಯಂತ್ರ ಯಾವ ಕ್ಷಣದಲ್ಲಿ ಏನು ಮಾಡಿತು, ಯಾವ ಕ್ಯಾಸೆಟ್ಟಿನಿಂದ ಎಷ್ಟು ನೋಟು ಎಳೆಯಿತು, ಎಲ್ಲಿ ದೋಷ ಬಂತು ಎಂಬುದು ಅದರಲ್ಲಿರುತ್ತದೆ. ಎರಡು, ಆ ಹೊತ್ತಿನ ಸಿಸಿಟಿವಿ ದೃಶ್ಯ. ಇದರ ಮೇಲೆ ಹೊಸ ದೃಶ್ಯ ದಾಖಲಾಗಿ ಹಳೆಯದು ಅಳಿದುಹೋಗುವುದರಿಂದ ಮೊದಲ ದೂರಿನಲ್ಲಿಯೇ ‘ದೃಶ್ಯವನ್ನು ಕಾದಿರಿಸಬೇಕು’ ಎಂದು ಬರೆದುಬಿಡುವುದು ಒಳ್ಳೆಯದು.

ಮೂರನೆಯದು ನಗದು ತಾಳೆಯ ವರದಿ, ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗಟ್ಟಿ. ಯಂತ್ರಕ್ಕೆ ಹಣ ತುಂಬಲು ಬಂದವರು ಒಳಗೆ ಉಳಿದ ನೋಟನ್ನೂ ತಿರಸ್ಕೃತ ಪೆಟ್ಟಿಗೆಯ ನೋಟನ್ನೂ ಎಣಿಸಿ ಯಂತ್ರದ ಲೆಕ್ಕದೊಂದಿಗೆ ಹೋಲಿಸುತ್ತಾರೆ. ಲೆಕ್ಕದ ಪ್ರಕಾರ 3,42,000 ಇರಬೇಕಾದ ಕಡೆ 3,50,000 ಇದ್ದರೆ, ಆ ಹೆಚ್ಚುವರಿ 8,000 ಯಾರದೋ ಕೈಸೇರದ ಹಣ. ನಿಮ್ಮ ದೂರಿನ ಮೊತ್ತಕ್ಕೆ ಅದು ಸರಿಹೊಂದಿದರೆ ವಾದಕ್ಕೆ ಜಾಗವಿಲ್ಲ. ಅಂಟು ಪಟ್ಟಿಯ ಕಳ್ಳತನದಲ್ಲಿ ಮಾತ್ರ ಹೀಗೆ ಹೆಚ್ಚುವರಿ ಕಾಣುವುದಿಲ್ಲ, ನೋಟು ನಿಜವಾಗಿಯೂ ಹೊರಗೆ ಹೋಗಿರುತ್ತದೆ. ಅಲ್ಲಿ ಆಧಾರ ಸಿಸಿಟಿವಿಯೇ, ಜೊತೆಗೆ ಪೊಲೀಸ್ ದೂರು.

ಬ್ಯಾಂಕಿಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ತಡಮಾಡದೆ ಬರೆಯಿರಿ. cms.rbi.org.in ತಾಣದಲ್ಲಿ ದೂರು ದಾಖಲಿಸಬಹುದು, ಶುಲ್ಕವಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಕಾಗದದಲ್ಲಿ ಬರೆದು ಅಂಚೆಯಲ್ಲಿ ಕಳಿಸುವುದಾದರೆ ವಿಳಾಸ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರದ್ದು, ಪಿನ್ 160017. ಕನ್ನಡದಲ್ಲಿಯೇ ಬರೆಯಬಹುದು. ಬ್ಯಾಂಕಿನ ದೂರಿನ ಸಂಖ್ಯೆ, ಅವರ ಉತ್ತರದ ಪ್ರತಿ, ಹಣ ಕಡಿತವಾದ ದಿನದ ಖಾತೆಯ ಪುಟ, ಇಷ್ಟನ್ನು ಲಗತ್ತಿಸಿ. ಐದು ದಿನದ ನಂತರದ ಪ್ರತಿ ದಿನಕ್ಕೆ 100 ರೂಪಾಯಿಯ ಲೆಕ್ಕವನ್ನೂ ಬೇಡಿಕೆಯಲ್ಲಿ ಸೇರಿಸಿ.

ಹಣ ವಾಪಸ್ ಬಂದ ದಿನ ಪಾಸ್‌ಬುಕ್ ಎಂಟ್ರಿ ಹಾಕಿಸಿ ಎರಡು ಸಾಲು ನೋಡಿ. ಮೊದಲನೆಯದು, ತಡವಾಗಿದ್ದರೆ ಪರಿಹಾರದ ಮೊತ್ತ ಬೇರೆಯಾಗಿ ಜಮಾ ಆಗಿದೆಯೇ ಎಂಬುದು. ಅಸಲು ಬಂದು ಪರಿಹಾರ ಬರದಿರುವುದು ಉಂಟು, ಆಗ ಅದಕ್ಕೇ ಪ್ರತ್ಯೇಕ ದೂರು ಕೊಡಬಹುದು. ಎರಡನೆಯದು ಎಟಿಎಂ ಶುಲ್ಕ. ತಾಂತ್ರಿಕ ಕಾರಣದಿಂದಲೋ ಯಂತ್ರದಲ್ಲಿ ನೋಟಿಲ್ಲದೆಯೋ ವಿಫಲವಾದ ವ್ಯವಹಾರವನ್ನು ತಿಂಗಳ ಉಚಿತ ವ್ಯವಹಾರಗಳ ಲೆಕ್ಕಕ್ಕೆ ಹಿಡಿಯಬಾರದೆಂದು ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿಯೇ ಸ್ಪಷ್ಟಪಡಿಸಿದೆ. ನೋಟು ಕೊಡದ ಆ ಸಲಕ್ಕೆ ಶುಲ್ಕ ಬಿದ್ದಿದ್ದರೆ ಅದನ್ನೂ ವಾಪಸ್ ಕೇಳಿ.