ಒಂದು ಮಳೆ, ಮೂರು ದರ: ಟೆಸ್ಟ್‌ನ ಕೊನೆಯ ದಿನ ಡ್ರಾ ಲೆಕ್ಕ

2021ರ ಆಗಸ್ಟ್, ನಾಟಿಂಗ್‌ಹ್ಯಾಮ್‌ನ ಟ್ರೆಂಟ್ ಬ್ರಿಜ್. ಇಂಗ್ಲೆಂಡ್ ವಿರುದ್ಧ ಭಾರತಕ್ಕೆ ಗುರಿ 209. ನಾಲ್ಕನೇ ದಿನದ ಕೊನೆಗೆ ಭಾರತ 1 ವಿಕೆಟ್‌ಗೆ 52. ಇನ್ನು 157 ರನ್ ಬೇಕು, ಕೈಯಲ್ಲಿ 9 ವಿಕೆಟ್. ಐದನೇ ದಿನ ಮಳೆಯಿಂದಾಗಿ ಒಂದೇ ಒಂದು ಎಸೆತವೂ ಆಗಲಿಲ್ಲ. ಪಂದ್ಯ ಡ್ರಾ.

ಅಂಥ ಬೆಳಿಗ್ಗೆ ಬೆಟ್ಟಿಂಗ್ ಮಾರುಕಟ್ಟೆಯಲ್ಲಿ ಮೂರು ದರ ಇರುತ್ತವೆ: ಈ ತಂಡ, ಆ ತಂಡ, ಡ್ರಾ. (ಟೈ ಅನ್ನೋದು ಟೆಸ್ಟ್ ಇತಿಹಾಸದಲ್ಲಿ ಎರಡೇ ಸಲ ಆಗಿದೆ, 1960ರಲ್ಲಿ ಬ್ರಿಸ್ಬೇನ್, 1986ರಲ್ಲಿ ಮದ್ರಾಸ್. ಅದನ್ನು ಬಿಟ್ಟುಬಿಡೋಣ.) ದರ ಅಂದರೆ ಒಂದು ರೂಪಾಯಿ ಕಟ್ಟಿ ಗೆದ್ದರೆ ಒಟ್ಟು ಕೈಗೆ ಬರುವ ಮೊತ್ತ. 1ನ್ನು ದರದಿಂದ ಭಾಗಿಸಿದರೆ ಮಾರುಕಟ್ಟೆ ಅಂದಾಜಿಸಿರುವ ಸಂಭವ ಸಿಗುತ್ತದೆ. ದರ 4 ಅಂದರೆ ಶೇ. 25. ಮೂರನ್ನೂ ಕೂಡಿದರೆ 100ಕ್ಕಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಆ ಜಾಸ್ತಿ ಭಾಗ ದರ ಕೊಡುವವನ ಲಾಭ.

ದಿನಕ್ಕೆ 90 ಓವರ್. ಆಟ ನಿಂತರೆ ಸುಮಾರು 4 ನಿಮಿಷಕ್ಕೆ ಒಂದು ಓವರ್ ಲೆಕ್ಕದಲ್ಲಿ ಕಡಿತವಾಗುತ್ತದೆ. ಹಾಗಾದರೆ ಓವರ್ ಕಳೆದಷ್ಟೇ ಪ್ರಮಾಣದಲ್ಲಿ ಗೆಲುವಿನ ಸಂಭವವೂ ಇಳಿಯಬೇಕು, ಅಲ್ವಾ? ಇಲ್ಲ. ಅಲ್ಲೇ ಇರೋದು ಮಜಾ.

ಒಂದು ಕಾಲ್ಪನಿಕ ಪಂದ್ಯ ತೆಗೆದುಕೊಳ್ಳಿ. ಬ್ಯಾಟಿಂಗ್ ತಂಡಕ್ಕೆ ಗುರಿ ಮುಟ್ಟುವ ಆಸೆಯೇ ಇಲ್ಲ, ದಿನ ಕಳೆದರೆ ಸಾಕು. ಬೌಲಿಂಗ್ ತಂಡಕ್ಕೆ 6 ವಿಕೆಟ್ ಬೇಕು. ಸರಾಸರಿ 12 ಓವರ್‌ಗೆ ಒಂದು ವಿಕೆಟ್ ಬೀಳುತ್ತಿದೆ. 90 ಓವರ್ ಸಿಕ್ಕರೆ ಸರಾಸರಿ ಏಳೂವರೆ ವಿಕೆಟ್. ಸಂಖ್ಯಾಶಾಸ್ತ್ರದ ಪ್ವಾಸಾನ್ ಸೂತ್ರಕ್ಕೆ ಇದನ್ನು ಹಾಕಿದರೆ ಗೆಲುವಿನ ಸಂಭವ ಶೇ. 76. ಡ್ರಾ ದರ ಸುಮಾರು 4.2. ಈಗ ಮಳೆ ಬಂದು 30 ಓವರ್ ಹೋಯಿತು ಅನ್ನಿ. ಉಳಿದ 60 ಓವರ್‌ಗೆ ಸರಾಸರಿ 5 ವಿಕೆಟ್, ಬೇಕಿರೋದು 6. ಗೆಲುವಿನ ಸಂಭವ ಶೇ. 38ಕ್ಕೆ ಕುಸಿಯುತ್ತದೆ, ಡ್ರಾ ದರ 1.6ಕ್ಕೆ. ಹೋದದ್ದು ಮೂರನೇ ಒಂದು ಭಾಗ ಓವರ್, ಆದರೆ ಗೆಲುವು ಅರ್ಧಕ್ಕೆ ಇಳಿಯಿತು. ಇನ್ನೂ 15 ಓವರ್ ಹೋದರೆ ಶೇ. 18 ಮಾತ್ರ.

ಟ್ರೆಂಟ್ ಬ್ರಿಜ್‌ನಲ್ಲಿ ಮಳೆ ಭಾಗಶಃ ಬಂದಿದ್ದರೆ ಕತೆ ಬೇರೆ. ಓವರ್‌ಗೆ 3 ರನ್ನಿನಂತೆ 157 ರನ್ನಿಗೆ ಸುಮಾರು 52 ಓವರ್ ಸಾಕು. 30 ಓವರ್ ಹೋದರೂ ಭಾರತಕ್ಕೆ ದೊಡ್ಡ ಪೆಟ್ಟೇನಿಲ್ಲ. ಆದರೆ 9 ವಿಕೆಟ್ ಬೇಕಾದ ಇಂಗ್ಲೆಂಡ್‌ಗೆ ಮೊದಲ ಅರ್ಧ ಗಂಟೆಯ ಮಳೆಯೇ ಭಾರ. ಅಂದರೆ ಆರಂಭದಲ್ಲಿ ಡ್ರಾ ಪಾಲು ಬೆಳೆಯೋದು ಹೆಚ್ಚಾಗಿ ಬೌಲಿಂಗ್ ತಂಡದ ಪಾಲನ್ನು ತಿಂದು. ಉಳಿದ ಓವರ್ 50ರ ಕೆಳಗೆ ಹೋದಾಗ ಮಾತ್ರ ಬೆನ್ನಟ್ಟುವ ತಂಡದ ದರವೂ ಅಲುಗಾಡುತ್ತದೆ. ಆಗ ಅವರು ಜೋರಾಗಿ ಬೀಸಿದರೆ ವಿಕೆಟ್ ಬೀಳುತ್ತವೆ, ಸತ್ತೇಹೋಗಿದ್ದ ಎದುರಾಳಿಯ ಗೆಲುವಿಗೆ ಮತ್ತೆ ಸ್ವಲ್ಪ ಜೀವ ಬರಬಹುದು.

ಇನ್ನು ಹವಾಮಾನ ಮುನ್ಸೂಚನೆ. "ಮಳೆ ಸಾಧ್ಯತೆ ಶೇ. 50" ಅಂತ ಓದಿದ ಕೂಡಲೇ 45 ಓವರ್ ಅಂತ ಲೆಕ್ಕ ಹಾಕುವವರು ತುಂಬಾ ಜನ. ನಮ್ಮ ಕಾಲ್ಪನಿಕ ಪಂದ್ಯದಲ್ಲೇ ನೋಡಿ. ಅರ್ಧ ದಿನ ಖಂಡಿತ ಹೋಗುತ್ತದೆ ಅಂದರೆ ಗೆಲುವು ಶೇ. 18. ಅದರ ಬದಲು ಇಡೀ ದಿನ ಹೋಗುವ ಸಂಭವ ಅರ್ಧ, ಪೂರ್ತಿ 90 ಓವರ್ ಸಿಗುವ ಸಂಭವ ಅರ್ಧ ಅಂದರೆ? 76ರ ಅರ್ಧ, ಶೇ. 38. ಎರಡರಲ್ಲೂ ಸಿಗುವ ಓವರ್‌ಗಳ ಸರಾಸರಿ ಒಂದೇ, 45. ಉತ್ತರ ಮಾತ್ರ ದುಪ್ಪಟ್ಟು. ಹಾಗಾಗಿ ಮಳೆಯ ಒಂದೊಂದು ಸಾಧ್ಯತೆಗೂ ಬೇರೆಬೇರೆ ಲೆಕ್ಕ ಮಾಡಿ, ಆಮೇಲೆ ಕೂಡಿಸಬೇಕು.

ಬೆಳಗಿನ ದರದಲ್ಲಿ ಮುನ್ಸೂಚನೆ ಆಗಲೇ ಸೇರಿರುತ್ತದೆ ಅನ್ನೋದನ್ನೂ ಮರೆಯಬಾರದು. ನಿರೀಕ್ಷಿಸಿದ ಮಳೆ ನಿರೀಕ್ಷಿಸಿದಷ್ಟೇ ಬಂದರೆ ದರ ಅಷ್ಟಾಗಿ ಕದಲುವುದಿಲ್ಲ. ಒಂದು ಗಂಟೆ ಅಂದುಕೊಂಡದ್ದು ಇಪ್ಪತ್ತೇ ನಿಮಿಷಕ್ಕೆ ನಿಂತರೆ, ಮಳೆ ಬಂದ ಮೇಲೂ ಡ್ರಾ ದರ ಏರುತ್ತದೆ! ಮಳೆ ನಿಂತರೂ ಔಟ್‌ಫೀಲ್ಡ್ ಒಣಗದಿದ್ದರೆ ಮತ್ತೆ ಇಳಿಯುತ್ತದೆ. ಸಂಜೆಯ ಮಂದ ಬೆಳಕು ಬೇರೆ ಇದೆ.

ನನ್ನ ಸೂತ್ರ ಸುಳ್ಳಾಗುವ ಜಾಗಗಳೂ ಇವೆ. ಅದು ಎಲ್ಲ ವಿಕೆಟ್‌ಗಳನ್ನೂ ಒಂದೇ ತೂಕದಲ್ಲಿ ನೋಡುತ್ತದೆ. ಬಾಲಂಗೋಚಿಗಳು ಬೇಗ ಔಟಾಗುತ್ತಾರೆ. 80 ಓವರ್ ಆದ ಮೇಲೆ ಹೊಸ ಚೆಂಡು ಸಿಗುತ್ತದೆ. ಮೋಡ ಕವಿದಾಗ ಚೆಂಡು ಸ್ವಿಂಗ್ ಆಗಬಹುದು, ಅಂದರೆ ಓವರ್ ಕಿತ್ತುಕೊಂಡ ಹವಾಮಾನವೇ ಉಳಿದ ಓವರ್‌ಗಳನ್ನು ಅಪಾಯಕಾರಿ ಮಾಡಿರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಂಡಗಳು ಸುಮ್ನೆ ಕೂರುವುದಿಲ್ಲ. 2024ರ ಕಾನ್ಪುರ ಟೆಸ್ಟ್‌ನಲ್ಲಿ ಮೊದಲ ದಿನ 35 ಓವರ್ ಮಾತ್ರ ಆಯಿತು, ಎರಡು ಮತ್ತು ಮೂರನೇ ದಿನ ಆಟವೇ ಇಲ್ಲ. ಭಾರತ 34.4 ಓವರ್‌ಗಳಲ್ಲಿ 9 ವಿಕೆಟ್‌ಗೆ 285 ಬಾರಿಸಿ ಡಿಕ್ಲೇರ್ ಮಾಡಿತು. ಕೊನೆಯ ದಿನ ಬಾಂಗ್ಲಾದೇಶವನ್ನು 146ಕ್ಕೆ ಕಟ್ಟಿಹಾಕಿ 7 ವಿಕೆಟ್‌ಗಳಿಂದ ಗೆದ್ದಿತು. ಕಳೆದ ಓವರ್‌ಗಳನ್ನಷ್ಟೇ ಎಣಿಸುತ್ತಾ ಕೂತವನಿಗೆ ಅದು ಖಂಡಿತ ಡ್ರಾ ಪಂದ್ಯ.