ವಾಪಸ್ ಬಂದ ಸಿಒಡಿ ಪಾರ್ಸೆಲ್: ನಷ್ಟ ಪಿನ್‌ಕೋಡ್‌ನಿಂದಲೋ, ಸರಕಿನಿಂದಲೋ?

ಕೊರಿಯರ್ ಪ್ಯಾನೆಲ್‌ನಿಂದ ಶೀಟ್ ಇಳಿಸಿಕೊಂಡ ಕೂಡಲೇ ಹೆಚ್ಚಿನವರು ಮಾಡುವ ಕೆಲಸ ಒಂದೇ. ಪಿನ್‌ಕೋಡ್‌ವಾರು ಆರ್‌ಟಿಒ, ಅಂದರೆ ಡೆಲಿವರಿ ಆಗದೆ ವಾಪಸ್ ಬಂದ ಪಾರ್ಸೆಲ್‌ಗಳ ಶೇಕಡಾ ತೆಗೆಯುತ್ತಾರೆ, ಮೇಲಿನ ಇಪ್ಪತ್ತು ಪಿನ್‌ಕೋಡ್‌ಗೆ ಸಿಒಡಿ ಬಂದ್ ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಆಮೇಲೆ ನೋಡಿದರೆ, ಬಂದ್ ಮಾಡಿದವುಗಳಲ್ಲಿ ಲಾಭ ತರುತ್ತಿದ್ದ ಪಿನ್‌ಕೋಡ್‌ಗಳೂ ಇದ್ದವು. ಎಲ್ಲಿ ಎಡವಿದೆ ಎಂದು ಹುಡುಕುತ್ತಾ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಅಂಕಿಗಳೆಲ್ಲ ಕಲಿಕೆಗಾಗಿ ಮಾಡಿಕೊಂಡ ಲೆಕ್ಕ. ನಿಮ್ಮ ಶೀಟಿನ ಅಂಕಿ ಹಾಕಿ ನೋಡಿ.

ಮೊದಲು ಶೀಟ್ ಸರಿ ಮಾಡಿಕೊಳ್ಳುವುದು

ಪ್ರೀಪೇಯ್ಡ್ ಆರ್ಡರ್ ತೆಗೆದುಹಾಕಿ. ಡೆಲಿವರಿ ಆದ ಮೇಲೆ ಗ್ರಾಹಕರು ವಾಪಸ್ ಕಳಿಸಿದ್ದನ್ನೂ ಬೇರೆ ಇಡಿ, ಅದು ಆರ್‌ಟಿಒ ಅಲ್ಲ. ಪಿನ್‌ಕೋಡ್ ಕಾಲಂನಲ್ಲಿ ಕೆಲವು ಕಡೆ ನಡುವೆ ಜಾಗ ಬಿದ್ದಿರುತ್ತದೆ, ಅದನ್ನು ತೆಗೆಯದಿದ್ದರೆ ಒಂದೇ ಪಿನ್‌ಕೋಡ್ ಎರಡಾಗಿ ಎಣಿಕೆಯಾಗುತ್ತದೆ.

ಜಾಸ್ತಿ ಜನ ಎಡವುವುದು ದಿನಾಂಕದಲ್ಲಿ. ಡೆಲಿವರಿ ಆಗುವ ಪಾರ್ಸೆಲ್ ನಾಲ್ಕೈದು ದಿನಕ್ಕೇ ಮುಗಿಯುತ್ತದೆ. ವಾಪಸ್ ಬರುವುದಕ್ಕೆ ಎರಡು ಮೂರು ಸಲ ಪ್ರಯತ್ನ ಆಗಬೇಕು, ಆಮೇಲೆ `RTO Initiated` ಎಂದು ಬೀಳುತ್ತದೆ. ಹಾಗಾಗಿ ಹೋದ ವಾರದ ಪಾರ್ಸೆಲ್‌ಗಳ ಆರ್‌ಟಿಒ ಯಾವಾಗಲೂ ಕಡಿಮೆ ಕಾಣುತ್ತದೆ. ಸುಧಾರಿಸಿತು ಎಂದುಕೊಳ್ಳುತ್ತೇವೆ, ನಿಜಕ್ಕೂ ಲೆಕ್ಕ ಇನ್ನೂ ಮುಗಿದಿರುವುದಿಲ್ಲ ಅಷ್ಟೇ. ಕಳಿಸಿದ ದಿನಾಂಕದ ಪ್ರಕಾರ ಗುಂಪು ಮಾಡಿ, ಕಳಿಸಿ 30 ದಿನ ದಾಟಿದವನ್ನು ಮಾತ್ರ ತೆಗೆದುಕೊಳ್ಳಿ. `RTO Initiated` ಆಗಿದ್ದರೆ ಗೋದಾಮಿಗೆ ಬರದಿದ್ದರೂ ಆರ್‌ಟಿಒ ಎಂದೇ ಎಣಿಸಿ.

ಶೇಕಡಾ ಅಲ್ಲ, ರೂಪಾಯಿ

ಎರಡು ಸರಕು ತೆಗೆದುಕೊಳ್ಳೋಣ. ಕುರ್ತಿ ಮಾರುವ ಬೆಲೆ 599 ರೂಪಾಯಿ, ಕೊಂಡದ್ದು 300ಕ್ಕೆ. ಹೋಗುವ ಕೊರಿಯರ್ 70, ಪ್ಯಾಕಿಂಗ್ 12, ಸಿಒಡಿ ಶುಲ್ಕ 30. ಡೆಲಿವರಿ ಆದರೆ ಕೈಗೆ ಉಳಿಯುವುದು 187. ವಾಪಸ್ ಬಂದರೆ 70, ಪ್ಯಾಕಿಂಗ್ 12, ವಾಪಸ್ ಸಾಗಣೆ 60, ಒಟ್ಟು 142 ಹೋಯಿತು. ಹತ್ತರಲ್ಲಿ ಒಂದು ಕೊಳೆಯಾಗಿಯೋ ಹರಿದೋ ಬರುತ್ತದೆ ಎಂದುಕೊಂಡರೆ ಅದಕ್ಕೆ ಇನ್ನೊಂದು 30. ಒಂದು ಆರ್‌ಟಿಒಗೆ ನಷ್ಟ 172. ಇಲ್ಲಿ ವಾಪಸ್ ಬಂದದ್ದಕ್ಕೆ ಸಿಒಡಿ ಶುಲ್ಕ ಹಿಡಿದಿಲ್ಲ. ನಿಮ್ಮ ಕೊರಿಯರ್ ಬಿಲ್‌ನಲ್ಲಿ ಹಿಡಿದಿದ್ದರೆ ಸೇರಿಸಿ.

ಇನ್ನೊಂದು ಗಾಜಿನ ಜಾಡಿ ಸೆಟ್. ಬೆಲೆ 399, ಕೊಂಡದ್ದು 220ಕ್ಕೆ, ಪ್ಯಾಕಿಂಗ್ 25, ಕೊರಿಯರ್ ಮತ್ತು ಸಿಒಡಿ ಶುಲ್ಕ ಕುರ್ತಿಯಷ್ಟೇ. ಡೆಲಿವರಿ ಆದರೆ ಉಳಿಯುವುದು ಬರೀ 54. ವಾಪಸ್ ಬಂದವುಗಳಲ್ಲಿ ಹತ್ತಕ್ಕೆ ಮೂರು ಒಡೆದಿರುತ್ತವೆ, ಆದ್ದರಿಂದ ಒಂದು ಆರ್‌ಟಿಒಗೆ ನಷ್ಟ 221.

ಈಗ ಎಷ್ಟು ಶೇಕಡಾ ಆರ್‌ಟಿಒವರೆಗೆ ತಡೆದುಕೊಳ್ಳಬಹುದು ಎಂದು ನೋಡಬೇಕು. ಉಳಿಕೆ B2ನಲ್ಲಿ, ನಷ್ಟ C2ನಲ್ಲಿ ಇದ್ದರೆ ಸೂತ್ರ ಇಷ್ಟೇ:

```
=B2/(B2+C2)
```

ಕುರ್ತಿಗೆ 52% ಬರುತ್ತದೆ, ಜಾಡಿಗೆ ಸುಮಾರು 20%. ಅಂದರೆ 25% ಆರ್‌ಟಿಒ ಇರುವ ಪಿನ್‌ಕೋಡ್‌ಗೆ ಕಳಿಸಿದ ಪ್ರತಿ ಕುರ್ತಿಗೆ ಸರಾಸರಿ 97 ರೂಪಾಯಿ ಬರುತ್ತದೆ. ಅದೇ ಬೀದಿಗೆ ಕಳಿಸಿದ ಪ್ರತಿ ಜಾಡಿ ಸೆಟ್‌ಗೆ 15 ರೂಪಾಯಿ ಹೋಗುತ್ತದೆ. ಹಾಗಾಗಿ ಈ ಪಿನ್‌ಕೋಡ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯೇ ಅರ್ಧ ತಪ್ಪು. ಯಾವ ಸರಕಿಗೆ ಎಂದೂ ಕೇಳಬೇಕು.

ನಾಲ್ಕೇ ಆರ್ಡರ್ ಇದ್ದ ಪಿನ್‌ಕೋಡ್

ನಾಲ್ಕು ಕಳಿಸಿ ಮೂರು ವಾಪಸ್ ಬಂದರೆ 75%, ಪಟ್ಟಿಯ ತುದಿಗೆ ಹೋಗಿ ಕೂರುತ್ತದೆ. ಆದರೆ ನಾಲ್ಕು ಆರ್ಡರ್‌ನಿಂದ ಏನೂ ಹೇಳಲಾಗದು, ಅಲ್ವಾ? ಹಾಗಂತ ಬಿಟ್ಟುಬಿಡುವುದೂ ಸರಿಯಲ್ಲ. ಪಿನ್‌ಕೋಡ್‌ನ ಮೊದಲ ಮೂರು ಅಂಕಿ ಅಂಚೆಯ ವಿಂಗಡಣಾ ಜಿಲ್ಲೆಯನ್ನು ಹೇಳುತ್ತವೆ. ಆ ಇಡೀ ಗುಂಪಿನ ಆರ್‌ಟಿಒವನ್ನು ಆಸರೆಯಾಗಿ ಬಳಸಬಹುದು. ಪ್ರತಿ ಪಿನ್‌ಕೋಡ್‌ಗೂ ಗುಂಪಿನ ದರದಲ್ಲಿ 20 ಆರ್ಡರ್ ಸುಮ್ನೆ ಸೇರಿಸಿ ಲೆಕ್ಕ ಮಾಡುತ್ತೇನೆ. ಗುಂಪಿನ ದರ 24% ಎಂದಿಟ್ಟುಕೊಳ್ಳಿ. ನಾಲ್ಕರಲ್ಲಿ ಮೂರು ಬಂದ ಪಿನ್‌ಕೋಡ್ 75ರಿಂದ 32.5%ಗೆ ಇಳಿಯುತ್ತದೆ. 80ರಲ್ಲಿ 36 ವಾಪಸ್ ಬಂದ ಪಿನ್‌ಕೋಡ್ ಮಾತ್ರ 45ರಿಂದ ಸುಮಾರು 41%ಗೆ ಬಂದು ಅಲ್ಲೇ ನಿಲ್ಲುತ್ತದೆ. ನೋಡಬೇಕಾದ್ದು ಅದನ್ನು.

ಈ 20 ಎಂಬುದು ನನ್ನ ಆಯ್ಕೆ, ನಿಯಮವಲ್ಲ. ಗುಂಪು ತುಂಬಾ ದೊಡ್ಡದಿರಬಹುದು ಎಂಬುದೂ ನೆನಪಿರಲಿ. 577ರಲ್ಲಿ ದಾವಣಗೆರೆ, ಶಿವಮೊಗ್ಗ, ಚಿತ್ರದುರ್ಗ, ಚಿಕ್ಕಮಗಳೂರು ನಾಲ್ಕೂ ಬರುತ್ತವೆ.

ಎರಡು ಪಿನ್‌ಕೋಡ್‌ಗಳ ಕಥೆ

'ಅ' ಪಿನ್‌ಕೋಡ್‌ಗೆ 80 ಕಳಿಸಿದೆವು, 28 ವಾಪಸ್. 'ಆ' ಪಿನ್‌ಕೋಡ್‌ಗೂ 80, ವಾಪಸ್ ಬಂದದ್ದು ಮೇಲೆ ಹೇಳಿದ 36. ಎರಡೂ ಕೆಟ್ಟದಾಗೇ ಕಾಣುತ್ತವೆ. ಒಟ್ಟು ವ್ಯಾಪಾರದಲ್ಲಿ ಜಾಡಿಯ ಆರ್‌ಟಿಒ 40%, ಕುರ್ತಿಯದು 20% ಎಂದಿಟ್ಟುಕೊಂಡು, ಪ್ರತಿ ಪಿನ್‌ಕೋಡ್‌ನಿಂದ ಎಷ್ಟು ವಾಪಸ್ ಬರಬೇಕಿತ್ತು ಎಂದು ಲೆಕ್ಕ ಹಾಕಿ.

'ಅ' ಕಡೆ ಹೋದದ್ದು 50 ಜಾಡಿ, 30 ಕುರ್ತಿ. ಬರಬೇಕಿದ್ದದ್ದು 20 ಮತ್ತು 6, ಒಟ್ಟು 26. ಬಂದದ್ದು 28. ಅಂದರೆ ಆ ಊರಿನ ತಪ್ಪೇನಿಲ್ಲ, ನಾವು ಅಲ್ಲಿಗೆ ಜಾಡಿ ಜಾಸ್ತಿ ಕಳಿಸಿದ್ದೇವೆ. ಜಾಡಿ 20%ವರೆಗೆ ಮಾತ್ರ ತಡೆಯುತ್ತದೆ, ಬರುತ್ತಿರುವುದು 40%. ಬೆಲೆ 50 ರೂಪಾಯಿ ಏರಿಸಿದರೂ ತಡೆಯುವ ಮಿತಿ 32%ಗಷ್ಟೇ ಏರುತ್ತದೆ. ಜಾಡಿಯನ್ನು ಎಲ್ಲ ಕಡೆ ಪ್ರೀಪೇಯ್ಡ್‌ಗೆ ಮಾತ್ರ ಇಡುವುದೇ ದಾರಿ.

'ಆ' ಕಡೆ ಹೋದದ್ದು 10 ಜಾಡಿ, 70 ಕುರ್ತಿ. ಬರಬೇಕಿದ್ದದ್ದು 18, ಬಂದದ್ದು ಅದರ ಎರಡರಷ್ಟು. ಇಲ್ಲಿ ಏನೋ ಇದೆ. ಆದರೂ ಸಿಒಡಿ ಬಂದ್ ಮಾಡುವ ಮೊದಲು ಇನ್ನೊಂದು ಕಾಲಂ ನೋಡಿ, ಯಾವ ಕೊರಿಯರ್ ಎಂದು. ಒಂದು ಕೊರಿಯರ್‌ನಲ್ಲಿ 48 ಹೋಗಿ 29 ವಾಪಸ್, ಇನ್ನೊಂದರಲ್ಲಿ 32 ಹೋಗಿ 7 ವಾಪಸ್. ಊರು ಅದೇ, ಗಿರಾಕಿಗಳೂ ಅಂಥವರೇ. ಒಂದು ಕಡೆ 60%, ಇನ್ನೊಂದು ಕಡೆ 22%.

ಹೀಗೆ ಕಂಡಾಗ ಆ 29 ಪಾರ್ಸೆಲ್‌ಗಳ ಟ್ರ್ಯಾಕಿಂಗ್ ಒಂದೊಂದಾಗಿ ತೆರೆಯಬೇಕು. ಬೇಸರದ ಕೆಲಸ, ಆದರೆ ಉತ್ತರ ಇರುವುದೇ ಅಲ್ಲಿ. ಡೆಲಿವರಿ ಆಗದ ಕಾರಣದ ಜಾಗದಲ್ಲಿ 17 ಪಾರ್ಸೆಲ್‌ಗೆ `Customer not available` ಎಂದಿದೆ. ಸಮಯ ನೋಡಿದರೆ ಎಲ್ಲವೂ ರಾತ್ರಿ 8ರಿಂದ 8.15ರ ಒಳಗೆ. ಹದಿನೈದು ನಿಮಿಷದಲ್ಲಿ ಒಬ್ಬ ಹುಡುಗ ಬೇರೆ ಬೇರೆ ಮನೆ ಸುತ್ತಿ ಬರಲಾಗದು. ಮನೆಗೆ ಹೋಗದೆ, ಹಬ್‌ನಲ್ಲೇ ಕೂತು ಸ್ಕ್ಯಾನ್ ಮಾಡಿದ ಗುರುತು ಇದು. ಹತ್ತು ಗಿರಾಕಿಗಳಿಗೆ ಫೋನ್ ಮಾಡಿ, ಯಾರಾದರೂ ಬಂದಿದ್ದರಾ, ಕರೆ ಬಂದಿತ್ತಾ ಎಂದು ಕೇಳಿದರೆ ಖಚಿತವಾಗುತ್ತದೆ. ಕಾರಣದಲ್ಲಿ `Customer refused` ಇದ್ದು, ಸಮಯಗಳು ಹಗಲೆಲ್ಲ ಹರಡಿದ್ದರೆ ಮಾತು ಬೇರೆ. ಆಗ ಆ ಪಿನ್‌ಕೋಡ್‌ಗೆ ಕಳಿಸುವ ಮುಂಚೆ ಫೋನ್ ಮಾಡಿ ಆರ್ಡರ್ ಖಚಿತಪಡಿಸಿಕೊಳ್ಳಬೇಕು.

'ಆ' ಪಿನ್‌ಕೋಡ್‌ನಲ್ಲಿ 45% ಇದ್ದಾಗಲೂ ಕುರ್ತಿ ಒಂದಕ್ಕೆ ಸುಮಾರು 25 ರೂಪಾಯಿ ಬರುತ್ತಿತ್ತು. ಸಿಒಡಿ ಬಂದ್ ಮಾಡಿದ್ದರೆ ಅದೂ ಇಲ್ಲ. ಎರಡನೇ ಕೊರಿಯರ್‌ಗೆ ಬದಲಿಸಿ ಆರ್‌ಟಿಒ 22%ಗೆ ಬಂದರೆ ಅದೇ ಕುರ್ತಿಗೆ 108 ರೂಪಾಯಿ. ಬದಲಿಸಿದ ಮೇಲೆ ಫಲಿತಾಂಶ ಮಾರನೇ ವಾರವೇ ನೋಡಬೇಡಿ. ಮುಂದಿನ 30-40 ಪಾರ್ಸೆಲ್ ಹೋಗಿ, ಕೊನೆಯದಕ್ಕೂ 30 ದಿನ ತುಂಬಿದ ಮೇಲೆ ಇದೇ ಲೆಕ್ಕವನ್ನು ಮತ್ತೆ ಓಡಿಸಿ.